ಡಿಟಿಎಚ್ ಬಿಟ್ಟು ಫೈಬರ್ ಟಿವಿಗೆ ಹೋದರೆ, ರೆಕಾರ್ಡ್ ಮಾಡಿಟ್ಟಿದ್ದು ಏನಾಗುತ್ತದೆ?

ಅಡಿಕೆಮನೆ_ಸಿರ್ಸಿ
ಎಲ್ಲರಿಗೂ ನಮಸ್ಕಾರ. ನಾನಿರುವುದು ಬೆಂಗಳೂರಲ್ಲಿ. ಸಿರ್ಸಿ ಹತ್ತಿರದ ಹಳ್ಳಿಯಲ್ಲಿ ಆಯಿ ಒಬ್ಬಳೇ ಇದ್ದಾಳೆ. ಮನೆಯಲ್ಲಿ ಹನ್ನೊಂದು ವರ್ಷದಿಂದ ಡಿಟಿಎಚ್ ಇದೆ. ಸುಮ್ನೆ ಸಾದಾ ಬಾಕ್ಸ್ ಅಲ್ಲ, ರೆಕಾರ್ಡ್ ಆಗುವಂಥದ್ದು. ಒಳಗೆ 500 ಜಿಬಿ ಡಿಸ್ಕ್ ಇದೆ.

ಕಳೆದ ತಿಂಗಳು ನಮ್ಮ ಕೇರಿಗೆ ಫೈಬರ್ ಬಂತು. ನೆಟ್, ಫೋನ್, ಟಿವಿ ಎಲ್ಲ ಒಂದೇ ಬಿಲ್ ಅಂತ ಹುಡುಗರು ಬಂದು ಹೇಳಿ ಹೋಗಿದ್ದಾರೆ. "ಏಳು ದಿನದ ಹಿಂದಿನ ಧಾರಾವಾಹಿಯೂ ಸಿಗುತ್ತದೆ ಅಮ್ಮಾ, ರೆಕಾರ್ಡ್ ಮಾಡುವ ಕಷ್ಟವೇ ಬೇಡ" ಅಂದರಂತೆ. ಆಯಿಗೆ ಅದು ಹಿಡಿಸಿದೆ. ಕೊಯ್ಲಿನ ದಿನಗಳಲ್ಲಿ ಸಂಜೆ ಏಳಕ್ಕೆ ಟಿವಿ ಮುಂದೆ ಕೂರಲು ಅವಳಿಗೆ ಆಗುವುದೇ ಇಲ್ಲ.

ನನ್ನ ಚಿಂತೆ ಬೇರೆ. ಆ ಬಾಕ್ಸಿನಲ್ಲಿ ಚಂದನದಲ್ಲಿ ಬಂದ ಒಂದು ಯಕ್ಷಗಾನ ಇದೆ, 52 ನಿಮಿಷದ್ದು. ಮದ್ದಳೆ ನಮ್ಮ ಅಪ್ಪಯ್ಯನದು. ಅವರು ಹೋಗಿ ಮೂರು ವರ್ಷ ಆಯಿತು. ಡಿಟಿಎಚ್ ರೀಚಾರ್ಜ್ ನಿಲ್ಲಿಸಿದರೆ ಅದು ನೋಡಲು ಸಿಗುತ್ತದಾ? ಹೊಸ ಬಾಕ್ಸಿಗೆ ಹಾಕಿಕೊಳ್ಳಬಹುದಾ? ಇಷ್ಟಕ್ಕೂ ಈ ಫೈಬರ್ ಟಿವಿ ಅಂದರೆ ಏನು? ಕೇಬಲ್ ಥರವೋ, ಯೂಟ್ಯೂಬ್ ಥರವೋ?

ಗಿರೀಶ್_ದಾವಣಗೆರೆ
ಬದಲಾಯಿಸಬೇಡಿ. ಫೈಬರ್ ಟಿವಿ ಅಂದರೆ ಯೂಟ್ಯೂಬ್ ಇದ್ದ ಹಾಗೇ, ಎಲ್ಲ ಇಂಟರ್ನೆಟ್ ಮೇಲೆ ಬರುತ್ತದೆ. ಟಿವಿ ಹಾಕಿಟ್ಟು ಮಲಗಿದರೆ ತಿಂಗಳ ಡೇಟಾ ಖಾಲಿ. ನೆಟ್ ನಿಧಾನ ಆದರೆ ಚಿತ್ರ ಸುತ್ತುತ್ತಾ ಕೂರುತ್ತದೆ.

ಕೇಬಲ್_ರಾಜಣ್ಣ
ಗಿರೀಶ್ ಅವರೇ, ನೀವು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ನಾನು 1998ರಿಂದ ತಾಲೂಕು ಊರಲ್ಲಿ ಕೇಬಲ್ ನಡೆಸುತ್ತಿದ್ದೇನೆ. ಈಗ ಅದೇ ಕಂಬಗಳ ಮೇಲೆ ಫೈಬರೂ ಎಳೆದಿದ್ದೇನೆ. ಹಾಗಾಗಿ ಎರಡನ್ನೂ ಕೈಯಾರೆ ನೋಡಿದ್ದೇನೆ.

ಕೇಬಲ್ ಮತ್ತು ಡಿಟಿಎಚ್ ಒಂದೇ ಜಾತಿಯವು. ಎರಡರಲ್ಲೂ ಎಲ್ಲ ಚಾನೆಲ್‌ಗಳೂ ಒಟ್ಟಿಗೆ ನಿಮ್ಮ ಮನೆ ಬಾಗಿಲಿಗೆ ಬಂದು ನಿಂತಿರುತ್ತವೆ. ಒಂದರಲ್ಲಿ ತಂತಿಯಲ್ಲಿ, ಇನ್ನೊಂದರಲ್ಲಿ 36,000 ಕಿ.ಮೀ. ಮೇಲಿನ ಉಪಗ್ರಹದಿಂದ. ಬಾಕ್ಸ್ ಅದರಲ್ಲಿ ಒಂದನ್ನು ಆರಿಸಿ ತೋರಿಸುತ್ತದೆ, ಅಷ್ಟೇ. ನೀವು ಏನು ನೋಡುತ್ತಿದ್ದೀರಿ ಅಂತ ಉಪಗ್ರಹಕ್ಕೆ ಗೊತ್ತಿಲ್ಲ. ಡಿಶ್ ಕೇಳಿಸಿಕೊಳ್ಳುತ್ತದೆ, ಮಾತಾಡುವುದಿಲ್ಲ.

ಫೈಬರ್‌ನಲ್ಲಿ ಹಾಗಲ್ಲ. ಬಾಕ್ಸ್ "ನನಗೆ ಈ ಚಾನೆಲ್ ಕೊಡು" ಅಂತ ಕೇಳಬೇಕು. ಆಗ ಅದೊಂದೇ ಬರುತ್ತದೆ. ಬೇರೆ ಚಾನೆಲ್ ಒತ್ತಿದರೆ ಹಳೆಯದನ್ನು ಬಿಟ್ಟು ಹೊಸದನ್ನು ಕೇಳುತ್ತದೆ. ಹೀಗೆ ತಿರುಗಿ ಕೇಳುವ ದಾರಿ ಇರುವುದರಿಂದಲೇ ನಿನ್ನೆಯ ಧಾರಾವಾಹಿಯನ್ನೂ ಕೇಳಿ ತರಿಸಿಕೊಳ್ಳಬಹುದು. ಡಿಶ್ ಒಂದರಿಂದಲೇ ಅದು ಆಗುವ ಕೆಲಸ ಅಲ್ಲ. ಈಗ ಕೆಲವು ಡಿಟಿಎಚ್ ಬಾಕ್ಸ್‌ಗಳಲ್ಲೂ ಹಿಂದಿನ ಕಾರ್ಯಕ್ರಮ ಸಿಗುತ್ತದೆ ಅಂತಾರಲ್ಲ, ಅವಕ್ಕೂ ಹಿಂದಿನಿಂದ ನೆಟ್ ಜೋಡಿಸಿರಬೇಕು.

ಇನ್ನು ಗಿರೀಶ್ ಹೇಳಿದ ಡೇಟಾ ವಿಷಯ. ಫೈಬರ್ ಟಿವಿಯಲ್ಲಿ ಎರಡು ಬಗೆ ಇವೆ. ಒಂದು, ಕಂಪನಿ ತನ್ನ ಜಾಲದೊಳಗೇ ಟಿವಿಗೆ ಅಂತ ಬೇರೆ ದಾರಿ ಬಿಟ್ಟಿರುವುದು. ನಿಜವಾಗಿ ಐಪಿಟಿವಿ ಅನ್ನುವುದು ಇದನ್ನೇ. ಇದು ಸಾಮಾನ್ಯವಾಗಿ ನಿಮ್ಮ ನೆಟ್ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು, ಬಾಕ್ಸಿನಲ್ಲಿ ಕೂತ ಆ್ಯಪ್. ಅದು ಗಿರೀಶ್ ಹೇಳಿದ ಹಾಗೆ ಯೂಟ್ಯೂಬ್ ರೀತಿಯದೇ. ಮಾರಲು ಬಂದ ಹುಡುಗರು ಎರಡಕ್ಕೂ ಫೈಬರ್ ಟಿವಿ ಅಂತಲೇ ಹೇಳುತ್ತಾರೆ.

ಗಿರೀಶ್_ದಾವಣಗೆರೆ
ಸರಿ, ಎರಡು ಬಗೆ ಇರುವುದು ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿರುವುದು ಆ್ಯಪ್ ಬಗೆಯದೇ ಇರಬೇಕು. ಆದರೂ ಡೇಟಾ ಹೋಗುವುದು ನಿಜ ಅಲ್ವಾ?

ಕೇಬಲ್_ರಾಜಣ್ಣ
ಹೋಗುತ್ತದೆ, ಆದರೆ ನೀವು ಹೆದರಿದಷ್ಟಲ್ಲ. ಎಚ್‌ಡಿ ಚಾನೆಲ್ ಸುಮಾರು 6 ಎಂಬಿಪಿಎಸ್ ಅಂತ ಹಿಡಿಯಿರಿ. ಗಂಟೆಗೆ 2.7 ಜಿಬಿ. ದಿನಕ್ಕೆ ಐದು ಗಂಟೆ ನೋಡಿದರೆ ತಿಂಗಳಿಗೆ 400 ಜಿಬಿ ಚಿಲ್ಲರೆ. ಅನ್‌ಲಿಮಿಟೆಡ್ ಅನ್ನುವ ಎಷ್ಟೋ ಪ್ಲಾನ್‌ಗಳಲ್ಲಿ ಮಿತಿ 3,300 ಜಿಬಿ ಇರುತ್ತದೆ. ಒಂದು ಟಿವಿಯಿಂದ ಅದು ಮುಗಿಯುವುದಿಲ್ಲ.

ರವಿ_ಕೋಲಾರ
ಇಷ್ಟೆಲ್ಲ ಯಾಕೆ ಗುರು? ಟೆಲಿಗ್ರಾಂನಲ್ಲಿ ಐಪಿಟಿವಿ ಅಂತ ಒಂದು ಎಪಿಕೆ ಸಿಗುತ್ತದೆ. ವರ್ಷಕ್ಕೆ ಒಂದು ಸಲ ದುಡ್ಡು ಕೊಟ್ಟರೆ ನಾಲ್ಕು ಸಾವಿರ ಚಾನೆಲ್. ನಾನೂ ಅದನ್ನೇ ಹಾಕಿದ್ದೇನೆ.

ಕೇಬಲ್_ರಾಜಣ್ಣ
ರವಿ, ಅದು ಕದ್ದ ಮಾಲು. ಹೆಸರು ಮಾತ್ರ ಐಪಿಟಿವಿ. ಯಾವನೋ ಒಬ್ಬ ಒಂದು ಬಾಕ್ಸಿನಿಂದ ಎತ್ತಿ ಎಲ್ಲರಿಗೂ ಹಂಚುತ್ತಿರುತ್ತಾನೆ. ಪಂದ್ಯದ ನಡುವೆ ನಿಂತರೆ ಕೇಳಲು ಯಾರೂ ಇರುವುದಿಲ್ಲ. ಪರವಾನಗಿ ಇರುವ ಐಪಿಟಿವಿ ಕೇಬಲ್, ಡಿಟಿಎಚ್ ಜೊತೆಗೇ ಟ್ರಾಯ್ ನಿಯಮದೊಳಗೆ ಬರುತ್ತದೆ. ಬೇಕಾದ ಚಾನೆಲ್ ಮಾತ್ರ ಆರಿಸಿಕೊಳ್ಳುವ ಹಕ್ಕು ಅಲ್ಲೂ ಇದೆ. ಆ ಎಪಿಕೆ ಇರುವ ಫೋನಿನಲ್ಲೇ ಬ್ಯಾಂಕ್ ಆ್ಯಪ್ ಇದ್ದರೆ ಇವತ್ತೇ ತೆಗೆಯಿರಿ.

ಶ್ವೇತಾ_ಮೈಸೂರು
ನಮ್ಮ ಅನುಭವ ಹೇಳುತ್ತೇನೆ. ನಾವು ಐಪಿಟಿವಿ ಹಾಕಿಸಿದಾಗ ಮೊದಲ ಹದಿನೈದು ದಿನ ಸಾಕಾಗಿ ಹೋಯಿತು. ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು, ಮಾತು ಕಟ್ ಆಗುತ್ತಿತ್ತು. ಅದೇ ಹೊತ್ತಿನಲ್ಲಿ ಫೋನಿನಲ್ಲಿ ವಿಡಿಯೊ ಚೆನ್ನಾಗೇ ಓಡುತ್ತಿತ್ತು. ಕಸ್ಟಮರ್ ಕೇರ್‌ನವರು ಮೂರು ಸಲ ಬಾಕ್ಸ್ ಬದಲಿಸಿದರು. ಕೊನೆಗೆ ಬಂದ ಒಬ್ಬ ಹುಡುಗ ವೈಫೈ ಬಿಡಿಸಿ, ರೂಟರಿನಿಂದ ಬಾಕ್ಸಿಗೆ ನೇರ ಲ್ಯಾನ್ ವೈರ್ ಎಳೆದ. ಅಲ್ಲಿಗೆ ಮುಗಿಯಿತು. ಈಗ ಎಂಟು ತಿಂಗಳಾಯಿತು, ಒಂದು ದಿನವೂ ಒಡೆದಿಲ್ಲ. ಫೋನಿನಲ್ಲಿ ಬರುವ ವಿಡಿಯೊ ಟಿವಿಗೆ ಯಾಕೆ ಬರಲಿಲ್ಲ ಅನ್ನುವುದು ಮಾತ್ರ ನನಗೆ ಇನ್ನೂ ಗೊತ್ತಾಗಿಲ್ಲ.

ಕೇಬಲ್_ರಾಜಣ್ಣ
ಮೇಡಂ, ಒಳ್ಳೆ ಪ್ರಶ್ನೆ. ಫೋನಿನ ವಿಡಿಯೊದಲ್ಲಿ ಒಂದು ತುಣುಕು ದಾರಿಯಲ್ಲಿ ಬಿದ್ದು ಹೋದರೆ ಫೋನ್ ಮತ್ತೆ ಕೇಳಿ ತರಿಸಿಕೊಳ್ಳುತ್ತದೆ. ಅದಕ್ಕಾಗಿಯೇ ಸ್ವಲ್ಪ ಮುಂಚಿತವಾಗಿ ತಂದು ಇಟ್ಟುಕೊಂಡಿರುತ್ತದೆ.

ಐಪಿಟಿವಿಯ ನೇರ ಚಾನೆಲ್ ಹಾಗೆ ಬರುವುದಿಲ್ಲ. ನಮ್ಮ ಊರಲ್ಲಿ ಏಳು ಗಂಟೆ ಧಾರಾವಾಹಿಯನ್ನು 60 ಮನೆಯವರು ನೋಡುತ್ತಾರೆ ಅಂತಿಟ್ಟುಕೊಳ್ಳಿ. ನನ್ನ ಹತ್ತಿರದ ಉಪಕರಣಕ್ಕೆ ಬರುವುದು ಒಂದೇ ಪ್ರತಿ. ಅಲ್ಲಿಂದ 60 ಮನೆಗೂ ಅದೇ ಹಂಚಿಕೆ ಆಗುತ್ತದೆ. ಒಬ್ಬೊಬ್ಬರಿಗೂ ಬೇರೆ ಕಳಿಸಿದರೆ 60 ಸಲ 6, ಅಂದರೆ 360 ಎಂಬಿಪಿಎಸ್ ಬೇಕಿತ್ತು. ಈಗ 6ರಲ್ಲೇ ಮುಗಿಯುತ್ತದೆ. ಹೀಗೆ ಹಂಚುವುದಕ್ಕೆ ಮಲ್ಟಿಕಾಸ್ಟ್ ಅಂತೇವೆ. ಇದರಲ್ಲಿ ವೈಫೈ ಮೇಲೆ ಬಿದ್ದ ತುಣುಕು ಬಿದ್ದದ್ದೇ. ಮನೆಯ ರೂಟರ್ ಅದನ್ನು ಅತಿ ನಿಧಾನದ ವೇಗದಲ್ಲಿ ಎಲ್ಲ ಕಡೆಗೂ ಕೂಗಿ ಹೇಳುತ್ತದೆ, ತಲುಪಿತಾ ಅಂತ ಕೇಳುವುದಿಲ್ಲ. ಅದಕ್ಕೇ ಚೌಕ ಚೌಕ. ವೈರ್ ಹಾಕಿದರೆ ಆ ತೊಂದರೆ ಇಲ್ಲ.

ನಿನ್ನೆಯ ಕಾರ್ಯಕ್ರಮ ನೋಡುವಾಗ ಮಾತ್ರ ಲೆಕ್ಕ ಬೇರೆ. ನೀವು ಎಂಟಕ್ಕೆ ಶುರು ಮಾಡುತ್ತೀರಿ, ಪಕ್ಕದವರು ಎಂಟೂವರೆಗೆ. ಒಂದೇ ಪ್ರತಿ ಹಂಚಲು ಆಗುವುದಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಕಳಿಸಬೇಕು. ಎಷ್ಟೋ ಮನೆಗಳಲ್ಲಿ ನೇರ ಚಾನೆಲ್ ಚೆನ್ನಾಗಿ ಬಂದು, ರಾತ್ರಿ ಒಂಬತ್ತಕ್ಕೆ ಹಿಂದಿನ ಕಂತು ಹಾಕಿದರೆ ಸುತ್ತುವುದು ಇದಕ್ಕೇ.

ಅಡಿಕೆಮನೆ_ಸಿರ್ಸಿ
ರಾಜಣ್ಣ, ತುಂಬಾ ಚೆನ್ನಾಗಿ ಹೇಳಿದಿರಿ. ನಮಗೆ ಕೊಡುತ್ತಿರುವುದು ಯಾವ ಬಗೆ ಅಂತ ದೂರದಲ್ಲಿ ಕೂತು ಹೇಗೆ ತಿಳಿಯುವುದು?

ಕೇಬಲ್_ರಾಜಣ್ಣ
ಅವರನ್ನು ಎರಡು ಮಾತು ಕೇಳಿ. "ನೆಟ್ ಪ್ಲಾನ್ ಅವಧಿ ಮುಗಿದ ದಿನವೂ ಟಿವಿ ಬರುತ್ತದಾ? ಬಾಕ್ಸನ್ನು ರೂಟರಿನ ಇಂಥದ್ದೇ ಲ್ಯಾನ್ ತೂತಿಗೆ ಹಾಕಬೇಕಾ?" ಎರಡಕ್ಕೂ ಹೌದು ಅಂದರೆ ಹೆಚ್ಚಾಗಿ ಬೇರೆ ದಾರಿಯ ಐಪಿಟಿವಿ. "ಯಾವ ವೈಫೈ ಆದರೂ ಸಾಕು, ಮೊಬೈಲ್ ಹಾಟ್‌ಸ್ಪಾಟ್‌ನಲ್ಲೂ ಬರುತ್ತದೆ" ಅಂದರೆ ಆ್ಯಪ್. ಹಾಕಿಸಿದ ಮೇಲೆ ಇನ್ನೊಂದು ಪರೀಕ್ಷೆ ಮಾಡಬಹುದು. ಒಂದು ಗಂಟೆ ಟಿವಿ ಮಾತ್ರ ಓಡಿಸಿ, ಡೇಟಾ ಮೀಟರ್ ಏರಿತಾ ನೋಡಿ.

ಬಿಎಸ್‌ಎನ್‌ಎಲ್ 2024ರಲ್ಲಿ ಶುರು ಮಾಡಿದ ಐಎಫ್‌ಟಿವಿ ಅನ್ನುವ ಫೈಬರ್ ಟಿವಿಯಲ್ಲಿ ಚಾನೆಲ್ ನೋಡಿದರೆ ನೆಟ್ ಡೇಟಾ ಕಡಿಯುವುದಿಲ್ಲ ಅಂತಲೇ ಹೇಳಿದ್ದಾರೆ. ಬೇರೆಯವರಲ್ಲಿ ಪ್ಲಾನ್ ನೋಡಿಯೇ ತಿಳಿಯಬೇಕು.

ಮಂಜು_ಬನಶಂಕರಿ
ಆ್ಯಪ್ ಬಗೆ ಆದರೆ ಕ್ರಿಕೆಟ್ ಮರೆತುಬಿಡಿ! 2025ರ ಜೂನ್ 3, ಆರ್‌ಸಿಬಿ ಫೈನಲ್. ನಮ್ಮ ಮನೆಯಲ್ಲಿ ಆ್ಯಪ್, ಕೆಳಗಿನ ಮನೆಯಲ್ಲಿ ಡಿಶ್. ಅವರ ಮನೆಯಲ್ಲಿ ಕಿರುಚಾಟ ಕೇಳಿ ಅರ್ಧ ನಿಮಿಷ ಆದ ಮೇಲೆ ನಮಗೆ ವಿಕೆಟ್ ಬೀಳುತ್ತಿತ್ತು. ಹದಿನೆಂಟು ವರ್ಷ ಕಾದ ಕಪ್ಪನ್ನು ಕೆಳಗಿನವರ ಪಟಾಕಿಯಿಂದ ತಿಳಿದುಕೊಂಡೆ. ಆ ಬೇಜಾರು ಇನ್ನೂ ಹೋಗಿಲ್ಲ.

ಶ್ವೇತಾ_ಮೈಸೂರು
ಅಯ್ಯೋ ಪಾಪ. ನಮ್ಮ ಐಪಿಟಿವಿಯಲ್ಲಿ ಪಕ್ಕದ ಮನೆ ಡಿಶ್‌ಗಿಂತ ಒಂದೆರಡು ಸೆಕೆಂಡ್ ಹೆಚ್ಚುಕಮ್ಮಿ, ಅಷ್ಟೇ.

ರಿಪೇರಿ_ಬಸು_ಹುಬ್ಬಳ್ಳಿ
ಎಲ್ಲರೂ ಕ್ರಿಕೆಟ್‌ಗೆ ಹೋದಿರಿ, ಕೇಳಿದವರ ಮೂಲ ಪ್ರಶ್ನೆ ಹಾಗೇ ಉಳಿಯಿತು. ನಾನು ಟಿವಿ, ಬಾಕ್ಸ್ ರಿಪೇರಿ ಮಾಡುವವನು.

ಆ ಹುಡುಗರು ಹೇಳಿದ ಏಳು ದಿನದ ಹಿಂದಿನದ್ದು ನೋಡುವುದಕ್ಕೆ ಕ್ಯಾಚ್-ಅಪ್ ಅಂತಾರೆ. ಅದು ಬೇರೆ, ರೆಕಾರ್ಡಿಂಗ್ ಬೇರೆ. ಕ್ಯಾಚ್-ಅಪ್‌ನಲ್ಲಿ ಪ್ರತಿ ಇರುವುದು ಕಂಪನಿಯ ಸರ್ವರಿನಲ್ಲಿ. ಏಳು ದಿನ ಅಂದರೆ ಏಳು ದಿನ. ಎಂಟನೇ ದಿನ ಪಟ್ಟಿಯಿಂದ ಹೋಗುತ್ತದೆ. ಯಾವ ಕಾರ್ಯಕ್ರಮ ಇಡಬೇಕು ಅನ್ನುವುದೂ ನಿಮ್ಮ ಕೈಯಲ್ಲಿಲ್ಲ. ಚಾನೆಲ್‌ಗೆ ಯಾವುದರ ಹಕ್ಕು ಇದೆಯೋ ಅದನ್ನು ಮಾತ್ರ ಇಡುತ್ತಾರೆ. ಧಾರಾವಾಹಿ ಸಿಗುತ್ತದೆ, ಸಿನಿಮಾ ಮತ್ತು ಕ್ರಿಕೆಟ್ ಎಷ್ಟೋ ಸಲ ಸಿಗುವುದಿಲ್ಲ. ಹಾಕಿಸುವ ಮುಂಚೆ ಅವರ ಬಾಕ್ಸಿನಲ್ಲೇ ನಿಮ್ಮ ತಾಯಿ ನೋಡುವ ಚಾನೆಲ್ ತೆರೆದು, ಗೈಡ್‌ನಲ್ಲಿ ಎರಡು ದಿನ ಹಿಂದಕ್ಕೆ ಹೋಗಿ ಆ ಧಾರಾವಾಹಿ ಓಡುತ್ತದಾ ಅಂತ ತೋರಿಸಲು ಹೇಳಿ. ಪಟ್ಟಿಯಲ್ಲಿ ಹೆಸರು ಕಾಣುವುದು ಬೇರೆ, ಒತ್ತಿದರೆ ಓಡುವುದು ಬೇರೆ.

ನಿಮ್ಮ ಹಳೇ ಬಾಕ್ಸಿನಲ್ಲಿ ಪ್ರತಿ ಇರುವುದು ನಿಮ್ಮ ಮನೆಯ ಡಿಸ್ಕಿನಲ್ಲಿ. ಆದರೆ ಅದಕ್ಕೆ ಬೀಗ ಹಾಕಿರುತ್ತಾರೆ. ಬೀಗದ ಕೈ ಆ ಒಂದು ಬಾಕ್ಸಿಗೆ ಮಾತ್ರ ಗೊತ್ತು. ಡಿಸ್ಕ್ ಕಳಚಿ ಇನ್ನೊಂದು ಬಾಕ್ಸಿಗೆ ಹಾಕಿದರೆ ಓಡುವುದಿಲ್ಲ. ಹೊಸ ಫೈಬರ್ ಬಾಕ್ಸಿಗೆ ಹಾಕಿಕೊಳ್ಳುವ ಮಾತಂತೂ ಇಲ್ಲವೇ ಇಲ್ಲ. ಕಂಪ್ಯೂಟರಿಗೆ ಹಾಕಿದರೆ "ಫಾರ್ಮ್ಯಾಟ್ ಮಾಡಲೇ?" ಅಂತ ಕೇಳುತ್ತದೆ. ಹೌದು ಅಂದಿರೋ, ಅಪ್ಪಯ್ಯನ ಮದ್ದಳೆ ಅಲ್ಲಿಗೇ ಹೋಯಿತು. ಹಾಗೆ ಕಳೆದುಕೊಂಡವರು ಇಬ್ಬರು ನನ್ನ ಅಂಗಡಿಗೆ ಬಂದಿದ್ದಾರೆ.

ರೀಚಾರ್ಜ್ ಮುಗಿದ ಮೇಲೆ ರೆಕಾರ್ಡ್ ಓಡುತ್ತದಾ ಅನ್ನುವುದು ಬಾಕ್ಸಿನಿಂದ ಬಾಕ್ಸಿಗೆ ಬೇರೆ. ಕೆಲವು ಓಡಿಸುತ್ತವೆ, ಕೆಲವು ಪ್ಯಾಕ್ ಇಲ್ಲ ಅಂತ ನಿಲ್ಲುತ್ತವೆ. ಅದನ್ನು ಪರೀಕ್ಷೆ ಮಾಡಲು ಹೋಗಬೇಡಿ. ಪ್ಯಾಕ್ ಜೀವಂತ ಇರುವಾಗಲೇ ಪ್ರತಿ ತೆಗೆಯಿರಿ.

ಅಡಿಕೆಮನೆ_ಸಿರ್ಸಿ
ಬಸು ಅವರೇ, ಓದಿ ಎದೆ ಝಲ್ಲೆಂದಿತು. ಡಿಸ್ಕ್ ಕಳಚಿ ತಾ ಅಂತ ತಮ್ಮನಿಗೆ ನಿನ್ನೆಯೇ ಹೇಳಿದ್ದೆ, ಈಗ ಫೋನ್ ಮಾಡಿ ಬೇಡ ಅಂದೆ. ಬೀಗ ಇರುವಾಗ ಪ್ರತಿ ತೆಗೆಯುವುದು ಹೇಗೆ?

ರಿಪೇರಿ_ಬಸು_ಹುಬ್ಬಳ್ಳಿ
ಬಾಕ್ಸ್ ಓಡಿಸುವಾಗ ಹೊರಗೆ ಬರುವ ಚಿತ್ರವನ್ನು ಹಿಡಿಯಬೇಕು. ಎಚ್‌ಡಿಎಂಐ ಕಡೆಯಿಂದ ಹೋಗಬೇಡಿ. ಅಲ್ಲೂ ಕಾವಲು ಇದೆ, ಪರದೆ ಕಪ್ಪಾಗಿಯೇ ಉಳಿಯುತ್ತದೆ. ಬಾಕ್ಸಿನ ಹಿಂದೆ ಹಳದಿ, ಕೆಂಪು, ಬಿಳಿ ಎವಿ ತೂತುಗಳು ಇರುತ್ತವೆ. ಹೊಸ ಬಾಕ್ಸ್ ಆದರೆ ಇಯರ್‌ಫೋನ್ ಪಿನ್ನಿನಂಥ ಒಂದೇ ತೂತು. ಅಲ್ಲಿಂದ ಯುಎಸ್‌ಬಿ ವಿಡಿಯೊ ಕ್ಯಾಪ್ಚರ್ ಅನ್ನುವ ಸಣ್ಣ ಸಾಧನಕ್ಕೆ, ಅಲ್ಲಿಂದ ಲ್ಯಾಪ್‌ಟಾಪಿಗೆ. ಲ್ಯಾಪ್‌ಟಾಪಿನಲ್ಲಿ OBS ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿ ರೆಕಾರ್ಡ್ ಒತ್ತಿ, ಬಾಕ್ಸಿನಲ್ಲಿ ಯಕ್ಷಗಾನ ಓಡಿಸಿ. 52 ನಿಮಿಷದ್ದಕ್ಕೆ 52 ನಿಮಿಷ ಕೂರಬೇಕು, ಬೇಗ ಮಾಡುವ ದಾರಿ ಇಲ್ಲ. ಚಿತ್ರ ಎಚ್‌ಡಿ ಇರುವುದಿಲ್ಲ, ಹಳೇ ಟಿವಿಯಷ್ಟು ಬರುತ್ತದೆ. ಮದ್ದಳೆ ಸದ್ದು ಮಾತ್ರ ಚೆನ್ನಾಗಿ ಬರುತ್ತದೆ.

ಗಿರೀಶ್_ದಾವಣಗೆರೆ
ಇದು ಕಾನೂನು ಪ್ರಕಾರ ಸರಿಯಾ? ಈಗ ತಾನೇ ರಾಜಣ್ಣ ರವಿಗೆ ಕದ್ದ ಮಾಲು ಅಂದರು.

ರಿಪೇರಿ_ಬಸು_ಹುಬ್ಬಳ್ಳಿ
ಮನೆಯಲ್ಲಿ ಸ್ವಂತಕ್ಕೆ ಇಟ್ಟುಕೊಳ್ಳುವುದು ಒಂದು, ದುಡ್ಡಿಗೆ ಹಂಚುವುದು ಇನ್ನೊಂದು. ನಾನು ವಕೀಲ ಅಲ್ಲ. ನೆಟ್‌ನಲ್ಲಿ ಹಾಕಬೇಡಿ ಅಂತ ಮಾತ್ರ ಹೇಳುತ್ತೇನೆ.

ಶ್ವೇತಾ_ಮೈಸೂರು
ಚಂದನದವರ ಯೂಟ್ಯೂಬ್ ಚಾನೆಲ್ ಇದೆ. ಅಲ್ಲೂ ಒಮ್ಮೆ ಹುಡುಕಿ, ಹಳೆಯ ಕಾರ್ಯಕ್ರಮಗಳನ್ನು ಹಾಕುತ್ತಿರುತ್ತಾರೆ. ಸಿಕ್ಕಿದರೆ ಚಿತ್ರವೂ ಚೆನ್ನಾಗಿರುತ್ತದೆ.

ಮ್ಯೂನಿಕ್_ಮಾವ
ನಾನು ಜರ್ಮನಿಯಲ್ಲಿದ್ದೇನೆ. ಇಲ್ಲಿ ನಮ್ಮ ಐಪಿಟಿವಿಯಲ್ಲಿ ರೆಕಾರ್ಡ್ ಗುಂಡಿ ಇದೆ, ಆದರೆ ಮನೆಯಲ್ಲಿ ಡಿಸ್ಕ್ ಇಲ್ಲ. ಒತ್ತಿದರೆ ಕಂಪನಿಯ ಕ್ಲೌಡ್‌ನಲ್ಲಿ ನನ್ನ ಹೆಸರಲ್ಲಿ ಉಳಿಯುತ್ತದೆ. ಇಷ್ಟು ಗಂಟೆ ಅಂತ ಮಿತಿ ಇದೆ. ಕೆಲವು ಚಾನೆಲ್‌ಗಳಲ್ಲಿ ಜಾಹೀರಾತನ್ನು ಮುಂದೆ ಓಡಿಸಲು ಬಿಡುವುದಿಲ್ಲ. ಕಂಪನಿ ಬದಲಿಸಿದಾಗ ಎರಡು ವರ್ಷ ಕೂಡಿಸಿಟ್ಟದ್ದು ಪೂರ್ತಿ ಹೋಯಿತು. ಮೊದಲಿದ್ದ ಡಿಸ್ಕ್ ಬಾಕ್ಸಿನಲ್ಲಿ ನಾನು ಬೇಕಾದ ಹಾಗೆ ಓಡಿಸುತ್ತಿದ್ದೆ. ಭಾರತದಲ್ಲಿ ಈ ಥರ ಕ್ಲೌಡ್ ರೆಕಾರ್ಡಿಂಗ್ ಇದೆಯಾ?

ಕೇಬಲ್_ರಾಜಣ್ಣ
ನಮ್ಮ ತಾಲೂಕಿನಲ್ಲಿ ನಾನು ಹಾಕಿಕೊಟ್ಟ ಯಾವ ಫೈಬರ್ ಬಾಕ್ಸಿನಲ್ಲೂ ರೆಕಾರ್ಡ್ ಗುಂಡಿ ಇಲ್ಲ, ಕ್ಯಾಚ್-ಅಪ್ ಮಾತ್ರ. ಬೇರೆ ಕಡೆ ನೋಡಿದವರು ಇದ್ದರೆ ಹೇಳಿ.

ನಾಗವೇಣಿ_ತೀರ್ಥಹಳ್ಳಿ
ಮಲೆನಾಡಿನವಳಾಗಿ ನನ್ನದೊಂದು ಮಾತು. ಜುಲೈಯಲ್ಲಿ ಡಿಶ್ ಕಥೆ ಎಲ್ಲರಿಗೂ ಗೊತ್ತು. ಜೋರು ಮಳೆ ಬಂದರೆ ಸಿಗ್ನಲ್ ಇಲ್ಲ. ಆದರೆ ಮಳೆ ನಿಂತ ಹತ್ತು ನಿಮಿಷಕ್ಕೆ ತಾನಾಗಿ ಬರುತ್ತದೆ. ಫೈಬರ್‌ಗೆ ಮಳೆ ಲೆಕ್ಕಕ್ಕಿಲ್ಲ, ಮರ ಬಿದ್ದರೆ ಮಾತ್ರ ಕಷ್ಟ. ಹೋದ ಮಳೆಗಾಲದಲ್ಲಿ ನಮ್ಮ ಕಡೆ ಹಲಸಿನ ಮರದ ಕೊಂಬೆ ಬಿದ್ದು ಫೈಬರ್ ತುಂಡಾಯಿತು. ಜೋಡಿಸಲು ಐದು ದಿನ. ನೆಟ್, ಫೋನ್, ಟಿವಿ ಎಲ್ಲ ಒಟ್ಟಿಗೇ ಹೋಯಿತು. ಮೊಬೈಲ್ ಸಿಗ್ನಲ್ ಮೊದಲೇ ಇಲ್ಲದ ಜಾಗ. ಒಬ್ಬರೇ ಇರುವ ತಾಯಿ ಅಂದಿರಲ್ಲ, ಅದಕ್ಕೆ ಹೇಳಿದೆ.

ಕೇಬಲ್_ರಾಜಣ್ಣ
ಅಕ್ಕ ಹೇಳಿದ್ದು ಸರಿ. ಫೈಬರ್ ಬಂದು ಸೇರುವ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ LOS ಅನ್ನುವ ದೀಪ ಕೆಂಪಾಗಿ ಮಿನುಗಿದರೆ ಬೆಳಕು ಬರುತ್ತಿಲ್ಲ, ಹೆಚ್ಚಾಗಿ ತಂತಿಯೇ ತುಂಡಾಗಿದೆ ಅಂತ. ಆಗ ಬಾಕ್ಸ್ ಆಫ್ ಆನ್ ಮಾಡುವುದು ಬೇಡ, ನೇರ ಫೋನ್ ಮಾಡಿ. ದೀಪ ಸರಿ ಇದ್ದು ಚಿತ್ರ ಬರದಿದ್ದರೆ ತೊಂದರೆ ಮನೆಯೊಳಗೆ. ಇನ್ನೊಂದು, ಕರೆಂಟ್ ಹೋದರೆ ಆ ಪೆಟ್ಟಿಗೆಯೂ ಇನ್ವರ್ಟರ್ ಮೇಲಿರಬೇಕು. ಟಿವಿಗೆ ಮಾತ್ರ ಇನ್ವರ್ಟರ್ ಕೊಟ್ಟು ಇದನ್ನು ಮರೆಯುತ್ತಾರೆ.

ಗಿರೀಶ್_ದಾವಣಗೆರೆ
ಹಾಗಾದರೆ ಡಿಟಿಎಚ್ ಇರಲಿ ಅನ್ನುವ ನನ್ನ ಮೊದಲ ಮಾತೇ ಸರಿ.

ನಾಗವೇಣಿ_ತೀರ್ಥಹಳ್ಳಿ
ಎರಡಕ್ಕೂ ದುಡ್ಡು ಯಾಕೆ? ಫೈಬರ್ ಹಾಕಿಸಿ, ಹಳೇ ಡಿಶ್ ಬುಟ್ಟಿಯನ್ನು ಡಿಡಿ ಫ್ರೀ ಡಿಶ್ ಕಡೆಗೆ ತಿರುಗಿಸಿ. ತಿಂಗಳ ಬಾಡಿಗೆ ಇಲ್ಲ, ಚಂದನ ಬರುತ್ತದೆ. ಅದಕ್ಕೆ ಬೇರೆ ಬಾಕ್ಸ್ ಬೇಕು, ಒಂದೇ ಸಲದ ಖರ್ಚು. ನಮ್ಮನೆಯಲ್ಲಿ ಹಾಗೇ ಮಾಡಿದ್ದೇವೆ.

ರಿಪೇರಿ_ಬಸು_ಹುಬ್ಬಳ್ಳಿ
ಪ್ರತಿ ತೆಗೆಯುವ ತನಕ ಬುಟ್ಟಿ ತಿರುಗಿಸಬೇಡಿ. ಕೆಲವು ಬಾಕ್ಸ್‌ಗಳು ಸಿಗ್ನಲ್ ಇಲ್ಲದಿದ್ದರೆ ಮೆನುವಿಗೇ ಹೋಗುವುದಿಲ್ಲ.

ಅಡಿಕೆಮನೆ_ಸಿರ್ಸಿ
ಎಂಟು ದಿನ ಬಿಟ್ಟು ಬರೆಯುತ್ತಿದ್ದೇನೆ. ಶನಿವಾರ ಊರಿಗೆ ಹೋಗಿದ್ದೆ. ಕ್ಯಾಪ್ಚರ್ ಸಾಧನ, ಲ್ಯಾಪ್‌ಟಾಪ್ ಎರಡನ್ನೂ ಒಯ್ದಿದ್ದೆ. ಜೋಡಿಸಿದ ಕೂಡಲೇ ಪರದೆ ಕಪ್ಪು, ಸ್ಪೀಕರಿನಲ್ಲಿ ಬುಸ್ಸೆನ್ನುವ ಸದ್ದು. ಡಿಸ್ಕ್ ಹೋಯಿತು ಅಂದುಕೊಂಡೆ. ಬಸು ಅವರಿಗೆ ಇಲ್ಲೇ ಖಾಸಗಿ ಸಂದೇಶ ಕಳಿಸಿದೆ. ಆ ಒಂಟಿ ತೂತಿನ ವೈರಿನಲ್ಲಿ ಬಣ್ಣಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ, ಹಳದಿ ಇರುವಲ್ಲಿ ಕೆಂಪು ಹಾಕಿ ನೋಡಿ ಅಂದರು. ಹಾಕಿದೆ. ಚಿತ್ರ ಬಂತು.

52 ನಿಮಿಷವೂ ಆಯಿ ಪಕ್ಕದಲ್ಲೇ ಕೂತಿದ್ದಳು. ನಡುವೆ ಒಂದು ಕಡೆ ಅಪ್ಪಯ್ಯ ಮದ್ದಳೆಯ ಬಲಕ್ಕೆ ಕಿವಿಯಿಟ್ಟು ಬೆರಳಿಂದ ಶ್ರುತಿ ನೋಡುತ್ತಾರೆ, ಎರಡು ಸೆಕೆಂಡ್. ಆಯಿ ಅಲ್ಲಿ ನಿಲ್ಲಿಸಲು ಹೇಳಿದಳು. ನಿಲ್ಲಿಸಿದರೆ ರೆಕಾರ್ಡ್ ಕೆಡುತ್ತದೆ ಅಂದೆ, ಸುಮ್ಮನಾದಳು. ಮುಗಿದ ಮೇಲೆ ಲ್ಯಾಪ್‌ಟಾಪಿನಲ್ಲಿ ಅದೇ ಜಾಗವನ್ನು ನಾಲ್ಕು ಸಲ ತೋರಿಸಿದೆ. ಪ್ರತಿಯನ್ನು ಎರಡು ಪೆನ್‌ಡ್ರೈವ್‌ಗೆ ಹಾಕಿದ್ದೇನೆ. ಒಂದು ಅವಳ ಹತ್ತಿರ, ಒಂದು ನನ್ನ ಹತ್ತಿರ.

ಫೈಬರ್‌ನವರು ಸೋಮವಾರ ಬಂದರು. ರಾಜಣ್ಣ ಹೇಳಿದ ಪ್ರಶ್ನೆ ಕೇಳಿದೆ. ಬಾಕ್ಸ್ ನಾಲ್ಕನೇ ಲ್ಯಾನ್ ತೂತಿಗೇ ಹಾಕಬೇಕು ಅಂದರು. ವೈರ್ ಎಳೆಸಿದೆ. ಆಯಿಯ ಎರಡು ಧಾರಾವಾಹಿಯಲ್ಲಿ ಒಂದರ ಹಳೇ ಕಂತು ಓಡಿತು. ಇನ್ನೊಂದು ಪಟ್ಟಿಯಲ್ಲಿ ಕಾಣುತ್ತದೆ, ಒತ್ತಿದರೆ ಓಡುವುದಿಲ್ಲ. ಅದಕ್ಕಾಗಿ ಡಿಟಿಎಚ್ ಇನ್ನೂ ತೆಗೆಸಿಲ್ಲ.

ಮ್ಯೂನಿಕ್_ಮಾವ
ಓದಿ ಕಣ್ಣು ತುಂಬಿತು. ಒಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ಯಾರಿಗಾದರೂ ಕೊಟ್ಟಿಡಿ. ಪೆನ್‌ಡ್ರೈವ್ ನಂಬಬೇಡಿ, ವರ್ಷಗಟ್ಟಲೆ ಹಾಗೇ ಬಿಟ್ಟರೆ ಕೆಡುವುದುಂಟು.

ರಿಪೇರಿ_ಬಸು_ಹುಬ್ಬಳ್ಳಿ
ಡಿಸ್ಕಿನಲ್ಲಿ ಇನ್ನೇನಿದೆ ನೋಡಿದಿರಾ? ಹನ್ನೊಂದು ವರ್ಷದ ಬಾಕ್ಸ್ ಅಂದಿರಿ, ಡಿಸ್ಕ್‌ಗೂ ವಯಸ್ಸಾಗಿದೆ. ಟಿಕ್ ಟಿಕ್ ಸದ್ದು ಬರುತ್ತಿದ್ದರೆ ತಡ ಮಾಡಬೇಡಿ.

ಅಡಿಕೆಮನೆ_ಸಿರ್ಸಿ
ಇನ್ನೂ 31 ಇವೆ. ಅಪ್ಪಯ್ಯ ಇಷ್ಟಪಟ್ಟು ಹಾಕಿಟ್ಟುಕೊಂಡ ತಾಳಮದ್ದಳೆಗಳು. ಸದ್ದು ಸದ್ಯಕ್ಕೆ ಇಲ್ಲ. ದೀಪಾವಳಿಗೆ ನಾಲ್ಕು ದಿನ ರಜೆ ಹಾಕಿದ್ದೇನೆ, ಅಲ್ಲಿಯ ತನಕ ರೀಚಾರ್ಜ್ ಮಾಡಿಯೇ ಇಡುತ್ತೇನೆ.